ಎರಡನೇ ಮಂಚ

ಪ್ರಶ್ನೆ: ಮೇಡಂ, ನನಗೆ ದೆವ್ವದ ಕಥೆ ಅಂದರೆ ಇಷ್ಟ. ಆದರೆ ರಕ್ತ, ಕೊಚ್ಚುವುದು, ಕತ್ತರಿಸುವುದು ಓದಿದರೆ ಹೊಟ್ಟೆ ತೊಳಸುತ್ತದೆ, ಆಮೇಲೆ ಊಟ ಸೇರುವುದಿಲ್ಲ. ನಿಧಾನವಾಗಿ ಹೆದರಿಸುವ ಕಥೆ ಬೇಕು. ಅಂಥದ್ದು ಅಂತ ಎರಡು ಮೂರು ಪುಸ್ತಕ ತಂದೆ. ಬರೀ ಮಂಜು, ಮಳೆ, ಹಳೇ ಬಂಗಲೆ. ಕೊನೆವರೆಗೂ ಏನೂ ಆಗಲಿಲ್ಲ. ಎಲ್ಲಿಂದ ಶುರು ಮಾಡಲಿ? ಹದಿನಾಲ್ಕು ವರ್ಷದ ಮಗಳಿಗೂ ಓದಿ ಹೇಳಬಹುದಾ?
ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಎಂ. ಆರ್. ಜೇಮ್ಸ್ ಬರೆದ ‘ಓ, ವಿಸಲ್, ಅಂಡ್ ಐಲ್ ಕಮ್ ಟು ಯೂ, ಮೈ ಲ್ಯಾಡ್’ ಕಥೆಯಿಂದ ಶುರು ಮಾಡಿ. ಸದ್ಯಕ್ಕೆ ಅದೊಂದೇ ಸಾಕು. ಪುಸ್ತಕದ ಅಂಗಡಿಗೆ ಹೋಗಬೇಕಾಗಿಲ್ಲ. ಜೇಮ್ಸ್ ತೀರಿಕೊಂಡದ್ದು 1936ರಲ್ಲಿ. ನಮ್ಮ ದೇಶದಲ್ಲಿ ಆ ಬರಹಗಳ ಕಾಪಿರೈಟ್ ಯಾವತ್ತೋ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ 1904ರ ಮೊದಲ ಸಂಕಲನವೇ ಪುಕ್ಕಟೆ ಸಿಗುತ್ತದೆ, ಈ ಕಥೆ ಅದರಲ್ಲಿದೆ. ಓದಲು ಸುಮಾರು ಮುಕ್ಕಾಲು ಗಂಟೆ ಬೇಕು. ಕಥೆಯಲ್ಲಿ ಒಂದು ಹನಿ ರಕ್ತ ಬೀಳುವುದಿಲ್ಲ. ಯಾರೂ ಸಾಯುವುದೂ ಇಲ್ಲ. ಆದರೂ ಮೊದಲ ಸಲ ಓದಿದ ರಾತ್ರಿ ನಾನು ಪಕ್ಕದ ಕೋಣೆಯ ಲೈಟ್ ಹಾಕಿಟ್ಟು ಮಲಗಿದ್ದೆ. ಆಗ ನನಗೆ ಮೂವತ್ತು ದಾಟಿತ್ತು, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ!

ಕಥೆಯ ಹೆಸರೇ ‘ಸೀಟಿ ಹೊಡೆ, ನಾನು ಬರ್ತೇನೆ’ ಎಂಬ ಅರ್ಥದ್ದು. ರಾತ್ರಿ ಸೀಟಿ ಹೊಡೆದರೆ ಹಾವು ಬರುತ್ತದೆ ಎಂದು ಬೈಸಿಕೊಂಡು ಬೆಳೆದವರು ನಾವು. ಹಾಗಾಗಿ ಈ ಇಂಗ್ಲಿಷ್ ಕಥೆಯ ಅರ್ಧ ಕೆಲಸವನ್ನು ನಮ್ಮ ಅಜ್ಜಿಯಂದಿರು ಆಗಲೇ ಮಾಡಿಟ್ಟಿದ್ದಾರೆ.

ನೀವು ತಂದ ಪುಸ್ತಕಗಳಲ್ಲಿ ಏನಾಗಿರಬಹುದು ಎಂದು ನನಗೆ ಅಂದಾಜಿದೆ. ಮಂಜೂ ಬಂಗಲೆಯೂ ಬರೀ ಗೋಡೆಯ ಬಣ್ಣ. ಅದನ್ನೇ ಎಷ್ಟು ಪುಟ ಬಳಿದರೂ ಭಯ ಹುಟ್ಟುವುದಿಲ್ಲ. ನಿಧಾನದ ಕಥೆಯಲ್ಲಿ ನಿಜವಾಗಿ ಕೆಲಸ ಮಾಡುವುದು ಬೇರೆ. ದಿನಬಳಕೆಯ ಒಂದು ವಸ್ತು ಸ್ವಲ್ಪ ಆಚೀಚೆ ಆಗುತ್ತದೆ. ಕಥೆಯೊಳಗಿನ ಮನುಷ್ಯ ಅದಕ್ಕೊಂದು ಕಾರಣ ಹೇಳಿ ಸಮಾಧಾನ ಮಾಡಿಕೊಳ್ಳುತ್ತಾನೆ. ಮತ್ತೆ ಅದೇ ವಸ್ತು ಇನ್ನೊಂದಿಷ್ಟು ಆಚೀಚೆ. ಇನ್ನೊಂದು ಸಮಾಧಾನ. ಪ್ರತಿ ಸಲವೂ ಆ ಸಮಾಧಾನ ಹಿಂದಿನದಕ್ಕಿಂತ ತೆಳ್ಳಗಾಗುತ್ತಾ ಹೋಗುತ್ತದೆ. ಅದು ಹರಿಯುವ ಹೊತ್ತಿಗೆ ದೆವ್ವ ಬಂದಿರುತ್ತದೆ. ಈ ಮಾತನ್ನು ಆ ಕಥೆಯ ಮೇಲೆಯೇ ತೋರಿಸುತ್ತೇನೆ. ಹೆದರಬೇಡಿ, ಕೊನೆಯ ರಾತ್ರಿಯ ಮುಂಚೆ ನಿಲ್ಲಿಸುತ್ತೇನೆ. ಸ್ವಲ್ಪವೂ ಗೊತ್ತಾಗುವುದು ಬೇಡ ಎಂದಿದ್ದರೆ ಈಗಲೇ ಹೋಗಿ ಕಥೆ ಓದಿ ಬನ್ನಿ.

ಪಾರ್ಕಿನ್ಸ್ ಒಬ್ಬ ಪ್ರೊಫೆಸರ್. ಚಿಕ್ಕ ವಯಸ್ಸು, ಅಚ್ಚುಕಟ್ಟು, ದೆವ್ವಗಿವ್ವ ಸುಳ್ಳು ಎಂದು ಭಾಷಣ ಬಿಗಿಯುವವನು. ರಜೆಯಲ್ಲಿ ಗಾಲ್ಫ್ ಆಡಲು ಬರ್ನ್‌ಸ್ಟೋ ಎಂಬ ಕಡಲತೀರದ ಊರಿಗೆ ಹೊರಟಿದ್ದಾನೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ಫೆಲಿಕ್ಸ್‌ಸ್ಟೋ ಊರನ್ನು ನೋಡಿ ಕಟ್ಟಿದ ಹೆಸರು ಅದು. ಕಥೆ ಶುರುವಾಗುವುದು ಕಾಲೇಜಿನ ಊಟದ ಮೇಜಿನಲ್ಲಿ. ಅಲ್ಲಿ ಮೊದಲ ಸಲ ನಮ್ಮ ವಸ್ತು ಬರುತ್ತದೆ, ಒಂದು ಸಣ್ಣ ಕಿರಿಕಿರಿಯ ರೂಪದಲ್ಲಿ. ಹೋಟೆಲಿನಲ್ಲಿ ಒಂಟಿ ಮಂಚದ ಕೋಣೆ ಸಿಕ್ಕಿಲ್ಲ, ಎರಡು ಮಂಚ ಇರುವ ಕೋಣೆಯೇ ಗತಿ. ಜತೆಯಲ್ಲಿದ್ದ ಒಬ್ಬ ಒರಟು ಮನುಷ್ಯ, ಹಾಗಾದರೆ ಇನ್ನೊಂದು ಮಂಚಕ್ಕೆ ನಾನು ಬರ್ತೇನೆ, ದೆವ್ವ ಹತ್ತಿರ ಬರದ ಹಾಗೆ ನೋಡಿಕೊಳ್ಳಲು ಒಬ್ಬ ಆಗುತ್ತದೆ ಎಂದು ತಮಾಷೆ ಮಾಡುತ್ತಾನೆ. ಪಾರ್ಕಿನ್ಸ್‌ಗೆ ಆ ತಮಾಷೆ ಹಿಡಿಸುವುದಿಲ್ಲ. ಓದುವ ನಾವು ನಕ್ಕು ಮುಂದೆ ಹೋಗುತ್ತೇವೆ. ಆದರೆ ಜೇಮ್ಸ್ ನಮ್ಮ ತಲೆಯೊಳಗೆ ಒಂದು ಖಾಲಿ ಮಂಚ ಇಟ್ಟಾಗಿದೆ.

ಮೊದಲ ಸಂಜೆ ಪಾರ್ಕಿನ್ಸ್ ಕಡಲ ದಂಡೆಯ ಹತ್ತಿರ ಒಂದು ಹಳೇ ಕಟ್ಟಡದ ಪಾಯ ನೋಡುತ್ತಾನೆ. ಮಧ್ಯಯುಗದ ಕ್ರೈಸ್ತ ಯೋಧ ಸನ್ಯಾಸಿಗಳ ಪಂಗಡಕ್ಕೆ ಸೇರಿದ್ದು. ಅಲ್ಲಿನ ಒಂದು ಪೊಟರೆಯಲ್ಲಿ ಕಂಚಿನ ಸೀಟಿ ಸಿಗುತ್ತದೆ. ಅದನ್ನು ಕಿಸೆಗೆ ಹಾಕಿಕೊಂಡು ಕತ್ತಲಾಗುವಾಗ ದಂಡೆಯಲ್ಲೇ ವಾಪಸ್ ಬರುತ್ತಾನೆ. ಹಿಂತಿರುಗಿ ನೋಡಿದರೆ ದೂರದಲ್ಲಿ ಯಾರೋ ಬರುತ್ತಿದ್ದಾರೆ. ಓಡುವ ಹಾಗೆ ಕಾಣುತ್ತದೆ, ಆದರೆ ನಡುವಿನ ದೂರ ಕಡಿಮೆ ಆಗುವುದೇ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಜಾಗ ಬೆಂಗಳೂರಿನ ಓದುಗರಿಗಿಂತ ನಮಗೆ ಜಾಸ್ತಿ ತಟ್ಟುತ್ತದೆ. ಪಡುಕರೆಯಲ್ಲೋ ತಣ್ಣೀರುಬಾವಿಯಲ್ಲೋ ಸಂಜೆ ಆರೂವರೆ ಮೇಲೆ ಒಬ್ಬರೇ ನಡೆದು ನೋಡಿ. ಉದ್ದದ ಚಪ್ಪಟೆ ಮರಳಿನ ಮೇಲೆ ದೂರದಲ್ಲಿ ಬರುವವರು ನಿಂತಲ್ಲೇ ಕಾಲು ಆಡಿಸುತ್ತಿರುವ ಹಾಗೆ ಕಾಣುತ್ತಾರೆ. ಅದು ಬರೀ ಕಣ್ಣಿನ ಮೋಸ, ನಡುವೆ ಅಳತೆಗೆ ಸಿಗುವ ಮರವೋ ಮನೆಯೋ ಇಲ್ಲದ್ದರಿಂದ ಆಗುವಂಥದ್ದು. ಜೇಮ್ಸ್ ಮಾಡಿದ್ದು ಇಷ್ಟೇ. ಎಲ್ಲರೂ ಕಂಡ ಒಂದು ಕಣ್ಣಿನ ಮೋಸವನ್ನು ಎತ್ತಿಕೊಂಡು, ಅದಕ್ಕೆ ಒಂದೇ ಒಂದು ಎಳೆ ಸೇರಿಸಿದ್ದು: ಬರುವವನಿಗೆ ಅವಸರ ಇದೆ. ಕಥೆಯಲ್ಲಿ ‘ಗ್ರಾಯ್ನ್’ ಎಂಬ ಪದ ಪದೇ ಪದೇ ಬರುತ್ತದೆ, ಅಲ್ಲಿ ತಡವರಿಸಬೇಡಿ. ದಂಡೆಯಿಂದ ಸಮುದ್ರದೊಳಗೆ ಅಡ್ಡ ಹೋಗುವ ತಡೆ ಅದು, ಮರಳು ಕೊಚ್ಚಿ ಹೋಗದಂತೆ ಕಟ್ಟುವುದು. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಕಲ್ಲು ಹಾಕಿದ್ದಾರಲ್ಲ, ಆ ಜಾತಿಯದೇ. ಅಲ್ಲಿಯದು ಕಪ್ಪು ಮರದ್ದು. ಅದನ್ನು ಒಂದೊಂದಾಗಿ ಹತ್ತಿ ಇಳಿದೇ ಬರಬೇಕು. ಅಟ್ಟಿಸಿಕೊಂಡು ಬರುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ರಾತ್ರಿ ಪಾರ್ಕಿನ್ಸ್ ಸೀಟಿಯ ಮಣ್ಣು ಕೆರೆಯುತ್ತಾನೆ. ಅದರ ಮೇಲೆ ಲ್ಯಾಟಿನ್‌ನಲ್ಲಿ ಕೊರೆದ ಮಾತಿದೆ: ‘ಬರುತ್ತಿರುವ ಇವನು ಯಾರು?’ ಇವನು ಊದುತ್ತಾನೆ. ಗಾಳಿ ಏಳುತ್ತದೆ. ನಿದ್ದೆ ಬರುವುದಿಲ್ಲ. ಕಣ್ಣು ಮುಚ್ಚಿದರೆ ಅದೇ ದಂಡೆ, ಅದೇ ಓಟ. ನೆಲದ ಮೇಲೆ ಏನೋ ಸರಿದ ಸದ್ದಾಗುತ್ತದೆ. ಇಲಿ ಇರಬೇಕು. ಇದು ಒಂದನೇ ಸಮಾಧಾನ, ಗಟ್ಟಿಯಾಗಿಯೇ ಇದೆ.

ಬೆಳಿಗ್ಗೆ ಕೋಣೆ ಗುಡಿಸುವ ಹೆಂಗಸು ಹೆಚ್ಚಿಗೆ ಕಂಬಳಿ ತರುತ್ತಾಳೆ. ಯಾವ ಮಂಚಕ್ಕೆ ಹಾಕಲಿ ಎಂದು ಕೇಳುತ್ತಾಳೆ. ನಾನು ಮಲಗಿದ್ದಕ್ಕೆ ಎನ್ನುತ್ತಾನೆ ಪಾರ್ಕಿನ್ಸ್. ಎರಡರಲ್ಲೂ ಮಲಗಿದ ಹಾಗಿತ್ತಲ್ಲ, ಎರಡನ್ನೂ ಸರಿ ಮಾಡಬೇಕಾಯಿತು ಎನ್ನುತ್ತಾಳೆ ಅವಳು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು. ಕಿರುಚಾಟ ಇಲ್ಲ, ಬಾಗಿಲು ಬಡಿಯುವುದಿಲ್ಲ. ಹಗಲು ಹೊತ್ತು, ಕೈಯಲ್ಲಿ ಕಂಬಳಿ ಹಿಡಿದ ಒಬ್ಬ ಕೆಲಸದಾಕೆ, ಒಂದು ಸಾದಾ ಪ್ರಶ್ನೆ. ಅವಳಿಗೆ ಹೆದರಿಕೆ ಆಗಿಯೇ ಇಲ್ಲ. ಒಂದು ಹಾಸಿಗೆ ಜಾಸ್ತಿ ಮಡಚಬೇಕಾಯಿತು ಎಂಬ ಬೇಜಾರು ಮಾತ್ರ. ಹೆದರದವರ ಬಾಯಲ್ಲಿ ಸುದ್ದಿ ಹೇಳಿಸುವುದು ಈ ಕಥೆಗಾರರ ದೊಡ್ಡ ಉಪಾಯ. ಹೆದರಿದವರು ಹೇಳಿದರೆ ಭ್ರಮೆ ಎಂದು ತಳ್ಳಿಹಾಕಬಹುದು, ಅಲ್ವಾ? ಪಾರ್ಕಿನ್ಸ್ ಹೇಳುತ್ತಾನೆ: ಸಾಮಾನು ಬಿಚ್ಚುವಾಗ ನಾನೇ ಅದರ ಮೇಲೆ ಏನೇನೋ ಇಟ್ಟಿದ್ದೆ, ಹಾಗೆ ಮುದುಡಿರಬೇಕು. ಎರಡನೇ ಸಮಾಧಾನ. ಇದರಲ್ಲಿ ಆಗಲೇ ತೂತು ಇದೆ. ಪೆಟ್ಟಿಗೆ ಇಟ್ಟರೆ ಹಾಸಿಗೆ ಸ್ವಲ್ಪ ತಗ್ಗಬಹುದು, ಮಲಗಿ ಹೊರಳಿದ ಹಾಗೆ ಆಗುತ್ತದೆಯೇ?

ಮೂರನೆಯದು ಅದೇ ದಿನ ಸಂಜೆ. ಹೋಟೆಲಿನ ಮುಂದೆ ಒಬ್ಬ ಸಣ್ಣ ಹುಡುಗ ಹೆದರಿ ಓಡಿ ಬಂದು ಪಾರ್ಕಿನ್ಸ್ ಜತೆಗಿದ್ದ ಒಬ್ಬ ಕರ್ನಲ್‌ಗೆ ಡಿಕ್ಕಿ ಹೊಡೆಯುತ್ತಾನೆ. ಮೇಲಿನ ಕಿಟಕಿಯಿಂದ ಬಿಳಿಯ ಏನೋ ಒಂದು ತನ್ನ ಕಡೆ ಕೈ ಬೀಸಿತು ಎಂದು ಅಳುತ್ತಾನೆ. ಯಾವ ಕಿಟಕಿ ಎಂದರೆ ಪಾರ್ಕಿನ್ಸ್ ಕೋಣೆಯದೇ. ಮೇಲೆ ಹೋದರೆ ಬಾಗಿಲಿಗೆ ಬೀಗ ಇದೆ. ತೆಗೆದು ನೋಡಿದರೆ ಎರಡನೇ ಮಂಚದ ಹೊದಿಕೆ ಹಿಂಡಿ ತಿರುಚಿದ ಹಾಗೆ ಬಿದ್ದಿದೆ. ಕೆಲಸದವರು ಒಳಗೆ ಬಂದೇ ಇಲ್ಲ. ಇನ್ನು ಸಮಾಧಾನಕ್ಕೆ ಏನೂ ಉಳಿದಿಲ್ಲ. ಆದರೂ ಆ ರಾತ್ರಿ ಪಾರ್ಕಿನ್ಸ್ ಅದೇ ಕೋಣೆಯಲ್ಲಿ ಮಲಗಬೇಕು. ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಈಗ ನಿಮ್ಮ ಊಟದ ವಿಷಯ. ರಕ್ತದ ಕಥೆಗೂ ಇದಕ್ಕೂ ವ್ಯತ್ಯಾಸ ಎಲ್ಲಿದೆ ನೋಡಿ. ರಕ್ತದ ಕಥೆ ಎಲ್ಲವನ್ನೂ ಮೈಯ ಮೇಲೆ ಬರೆಯುತ್ತದೆ, ಹಾಗಾಗಿ ಓದುವಾಗ ಹೊಟ್ಟೆಗೆ ತಾಗುತ್ತದೆ. ಈ ಕಥೆ ಎಲ್ಲವನ್ನೂ ಮಂಚದ ಮೇಲೆ, ಬೀಗದ ಮೇಲೆ, ಕಂಬಳಿಯ ಮೇಲೆ ಬರೆಯುತ್ತದೆ. ನಿಮ್ಮ ಮನೆಯಲ್ಲೂ ಇವೆಲ್ಲ ಇವೆ. ಜೇಮ್ಸ್ ಇದನ್ನು ಗೊತ್ತಿದ್ದೇ ಮಾಡಿದ್ದು. ಕೇಂಬ್ರಿಜಿನ ಕಿಂಗ್ಸ್ ಕಾಲೇಜಿನಲ್ಲಿ ಹಳೆಯ ಹಸ್ತಪ್ರತಿಗಳ ಪಂಡಿತ. ಕ್ರಿಸ್‌ಮಸ್ ರಾತ್ರಿ ಗೆಳೆಯರನ್ನು ಕೂರಿಸಿಕೊಂಡು, ಮೇಣದ ಬತ್ತಿಯ ಬೆಳಕಿನಲ್ಲಿ ಓದಿ ಹೇಳಲು ಕಥೆ ಬರೆಯುತ್ತಿದ್ದದ್ದು. 1924ರಲ್ಲಿ ಒಂದು ಮುನ್ನುಡಿಯಲ್ಲಿ ತನ್ನ ವಿಧಾನವನ್ನೇ ಬಿಚ್ಚಿಟ್ಟಿದ್ದಾರೆ: ಪಾತ್ರಗಳು ಆರಾಮಾಗಿ ತಮ್ಮ ಕೆಲಸದಲ್ಲಿ ಇರಲಿ, ಆ ಶಾಂತಿಯ ನಡುವೆ ಅದು ಮೊದಲು ಮೆಲ್ಲ ತಲೆ ಹಾಕಲಿ, ಆಮೇಲೆ ಇನ್ನೂ ಮುಂದೆ ಬರಲಿ. 1929ರ ಒಂದು ಲೇಖನದಲ್ಲಿ, ಅಸಹ್ಯ ಹುಟ್ಟಿಸುವುದು ಬಹಳ ಸುಲಭದ ಕೆಲಸ ಎಂಬ ಅರ್ಥದಲ್ಲಿ ಗದರಿದ್ದೂ ಇದೆ.

ಇಷ್ಟು ಹೇಳಿದವರೇ ತಾವು ಹೇಳಿದ್ದನ್ನು ಎಲ್ಲ ಕಡೆ ಪಾಲಿಸಿಲ್ಲ ಎಂಬುದು ಬೇರೆ ಮಾತು. ನೀವು ಮೋಸ ಹೋಗುವುದು ಇಲ್ಲೇ. ಒಂದು ಕಥೆ ಹಿಡಿಸಿತು ಎಂದು ಇಡೀ ಸಂಕಲನ ಓದಲು ಕೂತರೆ ಎರಡನೆಯದೇ ‘ಲಾಸ್ಟ್ ಹಾರ್ಟ್ಸ್’. ಮಕ್ಕಳ ಎದೆ ಸೀಳುವ ಕಥೆ ಅದು. ಬಿಟ್ಟುಬಿಡಿ. ‘ಕೌಂಟ್ ಮ್ಯಾಗ್ನಸ್’ ಬಹಳ ಚೆನ್ನಾಗಿದೆ, ಆದರೆ ನಡುವೆ ಒಂದು ಮುಖದ ವರ್ಣನೆ ಇದೆ, ನಿಮಗಲ್ಲ. ‘ದಿ ಆ್ಯಶ್ ಟ್ರೀ’ಯಲ್ಲಿ ಜೇಡಗಳಿವೆ, ಅದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. 1925ರ ‘ಎ ವಾರ್ನಿಂಗ್ ಟು ದಿ ಕ್ಯೂರಿಯಸ್’ ನನ್ನ ಲೆಕ್ಕದಲ್ಲಿ ಅವರ ಕಥೆಗಳಲ್ಲೇ ಹೆಚ್ಚು ದುಃಖದ್ದು. ಅದೂ ಕಡಲ ದಂಡೆಯದೇ. ಆದರೆ ಕೊನೆಯ ಪುಟಗಳಲ್ಲಿ ಹೆಣ ಸಿಗುವಾಗ ಒಂದೇ ಒಂದು ವಾಕ್ಯ ಗಟ್ಟಿಯಾಗಿದೆ. ಹೆಣ ಕಂಡಿತು ಎಂದು ತಿಳಿದ ಕೂಡಲೇ ಒಂದು ಪ್ಯಾರಾ ಹಾರಿಸಿ, ಕಥೆ ಏನೂ ಕಳೆದುಕೊಳ್ಳುವುದಿಲ್ಲ. ಮೊದಲ ಕಥೆ ಆದಮೇಲೆ ನಿಶ್ಚಿಂತೆಯಿಂದ ಓದಬಹುದಾದದ್ದು ‘ದಿ ಮೆಝೊಟಿಂಟ್’. ಒಂದು ಮನೆಯ ಹಳೇ ಚಿತ್ರ, ನೋಡಿದಾಗೆಲ್ಲ ಅದರಲ್ಲಿ ಒಂದು ಆಕೃತಿ ಬೇರೆ ಬೇರೆ ಜಾಗದಲ್ಲಿ ಇರುತ್ತದೆ. ಅಲ್ಲೂ ಅದೇ ಕ್ರಮ: ಒಂದು ವಸ್ತು, ಸ್ವಲ್ಪ ಸ್ವಲ್ಪವೇ ಆಚೀಚೆ.

ಹೊಸ ಪುಸ್ತಕ ಕೈಗೆ ಬಂದರೆ ಹೇಗೆ ಪರೀಕ್ಷೆ ಮಾಡುವುದು? ನಾನು ಮಾಡುವುದು ಹೀಗೆ. ಮೊದಲ ಮೂರ್ನಾಲ್ಕು ಪುಟ ಓದಿ ಒಂದು ಸಾದಾ ವಸ್ತು ಸಿಕ್ಕಿತೇ ನೋಡುತ್ತೇನೆ: ಮಂಚ, ಚಿತ್ರ, ಬೀಗದ ಕೈ, ಹೀಗೆ ಏನಾದರೂ. ಸಿಗದೆ ಬರೀ ಹವೆಯ ವರ್ಣನೆಯೇ ಇದ್ದರೆ ಅದು ನೀವು ತಂದ ಪುಸ್ತಕಗಳ ಜಾತಿ. ಸಿಕ್ಕಿದರೆ, ಮುಕ್ಕಾಲು ಭಾಗದ ಹತ್ತಿರ ಒಂದು ಪುಟ ತೆರೆದು ಕಣ್ಣಾಡಿಸುತ್ತೇನೆ. ಅಲ್ಲಿ ಮೈಯ ಭಾಗಗಳ ಹೆಸರು ಜಾಸ್ತಿ ಕಂಡರೆ ಮುಚ್ಚಿಡಿ. ಬೆನ್ನಹೊದಿಕೆಯ ಮಾತನ್ನು ನಂಬಬೇಡಿ. ‘ಮೈ ನಡುಗಿಸುವ’ ಎಂಬ ಪದವನ್ನು ಎರಡು ಜಾತಿಗೂ ಬಳಸುತ್ತಾರೆ.

ಇಂಗ್ಲಿಷ್ ಬೇಸರ ಬಂದರೆ ರವೀಂದ್ರನಾಥ ಟಾಗೋರರ ‘ಕ್ಷುಧಿತ ಪಾಷಾಣ’ ಓದಿ. 1895ರ ಕಥೆ. ಹಸಿದ ಕಲ್ಲು ಎಂದು ಅರ್ಥ. ಟಾಗೋರರು ಹದಿಹರೆಯದಲ್ಲಿ ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಿ ಅಣ್ಣನ ಜತೆ ಇದ್ದರು, ಆ ನೆನಪಿನಿಂದ ಹುಟ್ಟಿದ್ದು. ಹತ್ತಿ ಸುಂಕ ವಸೂಲಿಯ ಒಬ್ಬ ಅಧಿಕಾರಿ, ನದಿ ದಂಡೆಯ ಪಾಳು ಅಮೃತಶಿಲೆಯ ಅರಮನೆ. ಇಲ್ಲಿ ರಾತ್ರಿ ಕೇಳುವುದು ಗೆಜ್ಜೆ, ನೀರಿನ ಸದ್ದು. ಭಯಕ್ಕಿಂತ ಸೆಳೆತ ಜಾಸ್ತಿ, ಅದೇ ಅದರ ವಿಷ. ಇಡೀ ಕಥೆಯನ್ನು ರೈಲಿಗೆ ಕಾಯುತ್ತಾ ಒಬ್ಬ ಹೇಳುತ್ತಾನೆ. ರೈಲು ಬರುತ್ತದೆ, ಕಥೆ ಅರ್ಧಕ್ಕೆ ಕಡಿಯುತ್ತದೆ. ಕೆಲವರಿಗೆ ಇದು ಮೋಸ ಅನ್ನಿಸುತ್ತದೆ. ನನಗೆ ಅನ್ನಿಸಿಲ್ಲ.

ದೊಡ್ಡ ಕಾದಂಬರಿಯೇ ಬೇಕು ಎಂದರೆ ಶರ್ಲಿ ಜಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’, 1959ರದ್ದು. ಅಲ್ಲಿಯೂ ಇಬ್ಬರು ಹೆಂಗಸರು, ಎರಡು ಮಂಚ, ಕತ್ತಲಲ್ಲಿ ಕೈ ಹಿಡಿದುಕೊಳ್ಳುವ ಒಂದು ದೃಶ್ಯ. ಅದನ್ನು ಓದಿದ ಮೇಲೆ ನಾನು ಕೆಲವು ದಿನ ಕೈಯನ್ನು ಹೊದಿಕೆಯೊಳಗೇ ಇಟ್ಟು ಮಲಗಿದೆ. ಒಂದು ಕಡೆ ಬಟ್ಟೆಗಳ ಮೇಲೆ ಕೆಂಪು ಕಲೆ ಬರುತ್ತದೆ, ಮುಂಚೆಯೇ ಹೇಳಿಡುತ್ತೇನೆ. ಗಾಯ ಇಲ್ಲ, ಕಲೆ ಮಾತ್ರ. ನಿಮಗೆ ತಡೆದುಕೊಳ್ಳಲು ಆಗುತ್ತದೆ.

ನಮ್ಮೂರಿನ ಕಥೆ ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ನಮ್ಮಲ್ಲಿ ಭೂತ ಎಂದರೆ ದೈವ. ಅದು ನಂಬಿಕೆಯ ವಿಷಯ, ರಾತ್ರಿ ಓದಿ ನಡುಗುವುದಕ್ಕೆ ಇರುವುದಲ್ಲ. ಕಥೆಯ ದೆವ್ವಕ್ಕೆ ಹತ್ತಿರ ಬರುವುದು ತುಳುವಿನ ಕುಲೆ, ಸತ್ತು ಹೋದ ಮನೆಯವರು. ಆಟಿ ತಿಂಗಳಲ್ಲಿ ನಮ್ಮ ಅಜ್ಜನ ಮನೆಯಲ್ಲಿ ಅವರಿಗೆ ಬಡಿಸುವ ಕ್ರಮ ಇತ್ತು. ಒಳಗೆ ಬಾಳೆಲೆ ಹಾಕಿ, ಅವರಿಗೆ ಇಷ್ಟ ಇದ್ದದ್ದೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರುತ್ತಿದ್ದೆವು. ಜಗಲಿಯಲ್ಲಿ ಸುಮ್ಮನೆ ಕೂರಬೇಕು. ಹೊರಗೆ ಆಟಿಯ ಮಳೆ. ಒಂದು ಸಲ, ನನಗೆ ಎಂಟೋ ಒಂಬತ್ತೋ, ಎಷ್ಟು ಎಲೆ ಎಂದು ಒಳಗೆ ಎಣಿಸಿ ಬಂದಿದ್ದೆ. ಹೊರಗೆ ಅಜ್ಜಿ ಸತ್ತವರ ಹೆಸರು ಹೇಳುತ್ತಾ ಹೋದರು. ನನ್ನ ಲೆಕ್ಕಕ್ಕಿಂತ ಒಂದು ಎಲೆ ಜಾಸ್ತಿ ಇತ್ತು. ಯಾರಿಗೆ ಎಂದು ಕೇಳಿದೆ. ಅಜ್ಜಿ, ‘ಹೆಸರಿಡುವ ಮುಂಚೆಯೇ ಹೋದದ್ದು ಒಂದಿತ್ತು, ಮಗಾ’ ಎಂದರು, ಅಷ್ಟೆ. ಜೇಮ್ಸ್ ಕಥೆಯ ಕಂಬಳಿ ಹಿಡಿದ ಹೆಂಗಸನ್ನು ಓದುವಾಗ ನನಗೆ ನೆನಪಾಗುವುದು ಆ ದನಿ. ಅಜ್ಜಿಗೆ ಹೆದರಿಕೆ ಇರಲಿಲ್ಲ.

ಮಗಳಿಗೆ ಓದಿ ಹೇಳಿ, ಧಾರಾಳವಾಗಿ. ಈ ಕಥೆ ಬರೆದದ್ದೇ ದೊಡ್ಡ ದನಿಯಲ್ಲಿ ಓದಲು. ಆದರೆ ಒಂದೇ ಕೂರಿಕೆಯಲ್ಲಿ ಮುಗಿಸಿ. ಬಸ್ಸಿನಲ್ಲಿ ಹತ್ತು ನಿಮಿಷ, ಮಲಗುವಾಗ ಹತ್ತು ನಿಮಿಷ ಎಂದು ಓದಿದರೆ ಮಂಚ ಮೊದಲು ಹೇಗಿತ್ತು ಎಂಬುದೇ ಮರೆತುಹೋಗುತ್ತದೆ, ಆಮೇಲೆ ಕಥೆಯಲ್ಲಿ ಏನೂ ಆಗಲಿಲ್ಲ ಅನ್ನಿಸುತ್ತದೆ. ಇಂಗ್ಲಿಷ್ ಹಳೆಯದು, ವಾಕ್ಯ ಉದ್ದ. ನೀವು ಮುಂಚೆ ಒಂದು ಸಲ ಓದಿಕೊಂಡು, ಮೊದಲ ಊಟದ ಮಾತುಕತೆಯನ್ನು ನಿಮ್ಮ ಮಾತಿನಲ್ಲೇ ಕನ್ನಡದಲ್ಲಿ ಹೇಳಿಬಿಡಿ. ಆದರೆ ಎರಡು ಮಂಚದ ವಿಷಯ ಮಾತ್ರ ಬಿಡಬೇಡಿ, ಒತ್ತಿಯೂ ಹೇಳಬೇಡಿ. ದಂಡೆಯಿಂದ ಮುಂದೆ ಪುಸ್ತಕ ನೋಡಿಯೇ ಓದಿ. ಕೆಲಸದಾಕೆಯ ಮಾತು ಬಂದಾಗ ದನಿ ಬದಲಿಸಬೇಡಿ, ಹಾಲಿನವನ ಲೆಕ್ಕ ಹೇಳುವ ಹಾಗೆ ಹೇಳಿ.

ಇನ್ನೊಂದು ಕೆಲಸ, ಕಥೆ ಶುರು ಮಾಡುವ ಮುಂಚೆಯೇ ಮಾಡಿಡಿ. ಅವಳ ಕೋಣೆಯಲ್ಲಿ ನೆಂಟರಿಗೆಂದು ಇಟ್ಟ ಖಾಲಿ ಮಂಚ ಇದ್ದರೆ, ಅದರ ಮೇಲಿನ ಹೊದಿಕೆ ತೆಗೆದು ಮಡಚಿ ಕಪಾಟಿನೊಳಗೆ ಹಾಕಿ.